ಉಸಿರು ಕಟ್ಟುವ ರಾತ್ರಿಗೆ ಮುಂಚೆ ಮನೆಯಲ್ಲಿ ಆಡಬೇಕಾದ ಮಾತು

ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ನನ್ನ ಹಳೆಯ ರೋಗಿಯೊಬ್ಬರ ಎರಡನೆಯ ಮಗ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ನಿಂತಿದ್ದ. "ಹಕೀಮ್ ಸಾಬ್, ಅಬ್ಬಾಗೆ ಉಸಿರು ಸಿಗ್ತಾ ಇಲ್ಲ. ಗಂಟಲಿಗೆ ಪೈಪ್ ಹಾಕಿ ವೆಂಟಿಲೇಟರಿಗೆ ಹಾಕೋದಾ ಬೇಡವಾ, ಬೇಗ ಹೇಳಿ ಅಂತಿದ್ದಾರೆ. ಬೇಡ ಅಂದ್ರೆ ನಾವೇ ಕೊಂದ ಹಾಗೆ ಆಗಲ್ವಾ? ಬೇಕು ಅಂದ್ರೆ ಮುಂದೇನು?" ಹತ್ತು ವರ್ಷ ನಾನು ಅವರ ನಾಡಿ ಹಿಡಿದಿದ್ದೆ. ಆದರೆ ಈ ಪ್ರಶ್ನೆಯನ್ನು ಅವರ ಮುಂದೆ ಒಮ್ಮೆಯೂ ಇಟ್ಟಿರಲಿಲ್ಲ. ಪೈಪ್ ಹಾಕಿದರು. ಹತ್ತೊಂಬತ್ತು ದಿನ ಅವರು ಯಂತ್ರದ ಮೇಲಿದ್ದು ತೀರಿಕೊಂಡರು. ಹಾಕಿಸಿದ್ದು ಸರಿಯೋ ತಪ್ಪೋ ಎಂಬ ಮಾತಿಗೆ ಇಬ್ಬರು ಅಣ್ಣತಮ್ಮಂದಿರು ಇಂದಿಗೂ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ. ತಂದೆಗೆ ಏನು ಬೇಕಿತ್ತು ಎಂಬುದು ಇಬ್ಬರಿಗೂ ಗೊತ್ತಿಲ್ಲ. ಅದನ್ನು ಕೇಳಿ ಇಟ್ಟುಕೊಳ್ಳುವ ಅವಕಾಶ ಎಲ್ಲರಿಗಿಂತ ಹೆಚ್ಚು ಇದ್ದದ್ದು ನನಗೆ.

ಆ ನಂತರ ಶ್ವಾಸಕೋಶದ ರೋಗ ಮುಂದುವರಿದ ನನ್ನ ರೋಗಿಗಳ ಮನೆಯವರೊಡನೆ ನಾನು ಈ ಮಾತನ್ನು ಮೊದಲೇ ಆಡುತ್ತೇನೆ. ಹೇಗೆ ಆಡಬೇಕು, ಕೊನೆಗೆ ಕಾಗದದ ಮೇಲೆ ಏನು ಬರೆಯಬೇಕು ಎಂಬುದನ್ನು ಇನ್ನೊಂದು ಕುಟುಂಬದ ಉದಾಹರಣೆಯೊಂದಿಗೆ ಇಲ್ಲಿ ಹೇಳುತ್ತೇನೆ. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಈ ರೋಗದ ದಾರಿಯೇ ಬೇರೆ

ನಾವು ದಮ್ಮು ಎಂದು ಕರೆಯುವುದರಲ್ಲಿ ಎರಡು ಬಗೆ ಇವೆ. ಒಂದು ಅಸ್ತಮಾ. ಅದು ಬಂದು ಹೋಗುತ್ತದೆ. ಇನ್ನೊಂದು ವೈದ್ಯರು ಚೀಟಿಯಲ್ಲಿ ಸಿಒಪಿಡಿ ಎಂದು ಬರೆಯುವ ರೋಗ. ಬೀಡಿ ಸಿಗರೇಟಿನ ಹೊಗೆ, ಕಟ್ಟಿಗೆ ಒಲೆಯ ಹೊಗೆ, ಕಾರ್ಖಾನೆ ಮತ್ತು ಗಿರಣಿಯ ಧೂಳು ಹಲವು ವರ್ಷ ಒಳಗೆ ಹೋಗಿ ಶ್ವಾಸಕೋಶ ಸವೆದು ಬರುವಂಥದ್ದು. ಒಂದು ದಿನವೂ ಬೀಡಿ ಮುಟ್ಟದ ನಮ್ಮ ಎಷ್ಟೋ ತಾಯಂದಿರಿಗೆ ಒಲೆಯ ಮುಂದೆ ಕುಳಿತೇ ಇದು ಬಂದಿದೆ. ಸವೆದ ಭಾಗ ಮತ್ತೆ ಬೆಳೆಯುವುದಿಲ್ಲ. ನಾನು ಕೊಡುವ ಲಊಖ್‌ನಿಂದ ಗಂಟಲು ಹಗುರವಾಗಬಹುದು, ಕಫ ಸಡಿಲವಾಗಬಹುದು. ಆದರೆ ಸವೆದ ಶ್ವಾಸಕೋಶವನ್ನು ಅದು ತುಂಬಿಕೊಡುತ್ತದೆ ಎಂದು ನಾನು ಹೇಳಿದರೆ ಅದು ಸುಳ್ಳು. ಇನ್‌ಹೇಲರ್ ಮತ್ತು ಎದೆರೋಗ ತಜ್ಞರ ಚಿಕಿತ್ಸೆಯನ್ನು ನನ್ನ ಔಷಧಿಗಾಗಿ ಯಾರೂ ನಿಲ್ಲಿಸಬಾರದು.

ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕೊನೆಯ ತಿಂಗಳುಗಳಲ್ಲಿ ಮನುಷ್ಯ ದಿನದಿಂದ ದಿನಕ್ಕೆ ಕುಗ್ಗುವುದು ಮನೆಯವರಿಗೆ ಕಾಣುತ್ತದೆ. ಮನಸ್ಸು ಸಿದ್ಧವಾಗುತ್ತದೆ. ಸಿಒಪಿಡಿ ಹಾಗಲ್ಲ. ರೋಗಿ ತಿಂಗಳುಗಟ್ಟಲೆ ಒಂದೇ ಮಟ್ಟದಲ್ಲಿ ಇರುತ್ತಾನೆ. ಒಂದು ನೆಗಡಿ, ಒಂದು ಜ್ವರ ಬಂದರೆ ಎರಡು ದಿನದಲ್ಲಿ ಐಸಿಯು ಮುಟ್ಟುತ್ತಾನೆ. ಬಹಳ ಸಲ ಚೇತರಿಸಿಕೊಂಡು ಮನೆಗೂ ಬರುತ್ತಾನೆ, ಆದರೆ ಮೊದಲಿನಷ್ಟು ಆಗುವುದಿಲ್ಲ. ಹೀಗೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಾನೆ. ಯಾವ ಮೆಟ್ಟಿಲು ಕೊನೆಯದು ಎಂದು ಮೊದಲೇ ಹೇಳಲು ಯಾವ ವೈದ್ಯನಿಗೂ ಬರುವುದಿಲ್ಲ. ಹೋದ ಸಲ ಬದುಕಿದರು, ಈ ಸಲವೂ ಬದುಕುತ್ತಾರೆ ಎಂದು ಮನೆಯವರು ಮಾತನ್ನು ಮುಂದೂಡುತ್ತಲೇ ಇರುತ್ತಾರೆ.

ಮಾತಾಡುವ ಸಮಯ ಬಂದಿದೆ ಎಂದು ತಿಳಿಯಲು ಕೆಲವು ಗುರುತುಗಳಿವೆ. ಒಂದು ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿರುವುದು. ಒಮ್ಮೆ ಉಸಿರಾಟದ ಯಂತ್ರ ಬೇಕಾಗಿರುವುದು. ಮನೆಯಲ್ಲಿ ಆಕ್ಸಿಜನ್ ಮೆಷಿನ್ ಇರುವುದು. ಬಟ್ಟೆ ಹಾಕಿಕೊಳ್ಳುವಾಗ, ವುಝೂ ಮಾಡುವಾಗಲೇ ಏದುಸಿರು ಬರುವುದು. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿರುವುದು. ಇವುಗಳಲ್ಲಿ ಎರಡು ಕಂಡರೆ ಮುಂದಿನ ಸಲದವರೆಗೆ ಕಾಯಬೇಡಿ.

ಯಾವ ನಿರ್ಧಾರದ ಬಗ್ಗೆ ಮಾತು?

"ಎಲ್ಲ ಮಾಡಿ" ಅಥವಾ "ಏನೂ ಬೇಡ" ಎಂಬ ಎರಡೇ ಉತ್ತರಗಳಿವೆ ಎಂದು ಜನ ತಿಳಿದಿದ್ದಾರೆ. ನಿಜವಾಗಿ ಅಲ್ಲಿ ಮೂರು ನಾಲ್ಕು ಹಂತಗಳಿವೆ. ಅವುಗಳ ವ್ಯತ್ಯಾಸ ಗೊತ್ತಿದ್ದರೆ ಮಾತು ಅರ್ಧ ಸುಲಭವಾಗುತ್ತದೆ.

ಮೊದಲನೆಯದು ಔಷಧಿ, ನೆಬ್ಯುಲೈಸರ್ ಮತ್ತು ಆಕ್ಸಿಜನ್. ಎರಡನೆಯದು ಬೈಪ್ಯಾಪ್. ಮೂಗು ಬಾಯಿಯ ಮೇಲೆ ಬಿಗಿಯಾದ ಮಾಸ್ಕ್ ಕಟ್ಟಿ ಯಂತ್ರದಿಂದ ಗಾಳಿ ಒತ್ತುತ್ತಾರೆ. ರೋಗಿಗೆ ಪ್ರಜ್ಞೆ ಇರುತ್ತದೆ, ನಡುನಡುವೆ ಮಾಸ್ಕ್ ತೆಗೆದು ನೀರು ಕುಡಿಯಬಹುದು, ಮಾತಾಡಬಹುದು. ಸಿಒಪಿಡಿ ಕೆರಳಿ ರಕ್ತದಲ್ಲಿ ಇಂಗಾಲದ ಗಾಳಿ ತುಂಬಿಕೊಂಡಾಗ ಇದು ನಿಜವಾಗಿಯೂ ಜೀವ ಉಳಿಸುವ ಚಿಕಿತ್ಸೆ. ಹಲವರು ಎರಡು ಮೂರು ದಿನದಲ್ಲಿ ಇದರಿಂದ ಹೊರಬರುತ್ತಾರೆ. "ಮೆಷಿನ್ ಬೇಡ" ಎಂದು ಒಂದೇ ಮಾತಲ್ಲಿ ಬರೆದುಬಿಟ್ಟರೆ ಇದೂ ಕೈತಪ್ಪುತ್ತದೆ. ಹಾಗೆ ಬರೆಯಬಾರದು.

ಮೂರನೆಯದು ಗಂಟಲಿನೊಳಗೆ ಪೈಪ್ ಹಾಕಿ ವೆಂಟಿಲೇಟರಿಗೆ ಜೋಡಿಸುವುದು. ಪೈಪ್ ಇರುವಾಗ ಮಾತಾಡಲು ಆಗುವುದಿಲ್ಲ, ಹೆಚ್ಚಾಗಿ ನಿದ್ದೆಯ ಔಷಧಿ ಕೊಟ್ಟು ಮಲಗಿಸಿರುತ್ತಾರೆ. ಸರಿಹೋಗಬಲ್ಲ ಕಾರಣ, ಉದಾಹರಣೆಗೆ ನ್ಯುಮೋನಿಯಾ, ಇದ್ದರೆ ಕೆಲವು ದಿನಗಳ ನಂತರ ಪೈಪ್ ತೆಗೆಯಲು ಆಗಬಹುದು. ಶ್ವಾಸಕೋಶ ಬಹಳ ಸವೆದಿದ್ದರೆ ತೆಗೆಯಲಾಗದೆ ಉಳಿಯಬಹುದು. ಆಗ ನಾಲ್ಕನೆಯ ಹಂತ: ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡಿ ಅಲ್ಲಿಂದ ಯಂತ್ರ ಜೋಡಿಸುವುದು. ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುವ ಸಂಗತಿ ಇದು.

ಇದರ ಜೊತೆಗೆ ಮನೆಯವರಿಗೆ ತಿಳಿಯದ ಇನ್ನೊಂದು ಚಿಕಿತ್ಸೆ ಇದೆ, ಉಸಿರುಗಟ್ಟುವ ಸಂಕಟವನ್ನು ಶಮನ ಮಾಡುವುದು. ಬೆನ್ನು ಎತ್ತರಿಸಿ ಮುಂದೆ ಬಾಗಿಸಿ ಕೂರಿಸುವುದು, ಮುಖಕ್ಕೆ ಚಿಕ್ಕ ಫ್ಯಾನಿನ ಗಾಳಿ, ಮತ್ತು ವೈದ್ಯರು ಲೆಕ್ಕ ಹಾಕಿ ಕೊಡುವ ಬಹಳ ಸಣ್ಣ ಪ್ರಮಾಣದ ಮಾರ್ಫಿನ್. ಸರಿಯಾದ ಪ್ರಮಾಣದಲ್ಲಿ ಮಾರ್ಫಿನ್ ಸಾವನ್ನು ತರುವುದಿಲ್ಲ, ಸಂಕಟವನ್ನು ಇಳಿಸುತ್ತದೆ. ಯಂತ್ರ ಬೇಡವೆಂದರೆ ರೋಗಿಯನ್ನು ಒದ್ದಾಡಲು ಬಿಟ್ಟಂತೆ ಎಂಬ ಭಯವೇ ಎಷ್ಟೋ ಮಕ್ಕಳಿಂದ "ಹಾಕಿ" ಎಂದು ಹೇಳಿಸುತ್ತದೆ. ಆ ಭಯಕ್ಕೆ ಉತ್ತರ ಇದು.

ಮಾತು ನಡೆದ ಬಗೆ

ನಾನು ಹೇಳುವ ಹಿರಿಯರಿಗೆ 67 ವರ್ಷ. ಸಾಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು, ಹದಿನಾರನೆಯ ವಯಸ್ಸಿಗೆ ಬೀಡಿ ಹಿಡಿದವರು, ಎಂಟು ವರ್ಷದ ಹಿಂದೆ ಬಿಟ್ಟವರು. ಮನೆಯಲ್ಲಿ ದಿನಕ್ಕೆ 15 ತಾಸು ಆಕ್ಸಿಜನ್ ಮೆಷಿನ್. ಆ ವರ್ಷ ಎರಡು ಸಲ ಆಸ್ಪತ್ರೆ ಸೇರಿದ್ದರು, ಎರಡನೆಯ ಸಲ ಮೂರು ದಿನ ಬೈಪ್ಯಾಪ್. ಹಿರಿಯ ಮಗ ದಮ್ಮಾಮ್‌ನಲ್ಲಿ, ಕಿರಿಯ ಮಗನಿಗೆ ಅಂಗಡಿ, ಮಗಳು ಅದೇ ಊರಿನಲ್ಲಿ. ದಿನವೂ ಬಂದು ಔಷಧಿ ಕೊಡುವವಳು ಮಗಳೇ.

ಎರಡನೆಯ ಸಲ ಮನೆಗೆ ಬಂದು ಮೂರು ವಾರವಾದ ಮೇಲೆ, ಉಸಿರು ಒಂದಿಷ್ಟು ಹದಕ್ಕೆ ಬಂದಾಗ, ಅಸರ್ ನಮಾಝಿನ ನಂತರ ನಾನು ಅವರ ಮನೆಗೆ ಹೋದೆ. ಆಸ್ಪತ್ರೆಯಲ್ಲಿ ಈ ಮಾತು ಆಡಬಾರದು. ಏದುಸಿರಿನಲ್ಲಿರುವ ಮನುಷ್ಯ ಯೋಚಿಸಲಾರ. ಅವರಿಗೆ ಬೆಳಿಗ್ಗೆ ತಲೆಭಾರ ಇರುತ್ತಿತ್ತು, ಅದಕ್ಕೇ ಸಂಜೆಯನ್ನು ಆರಿಸಿಕೊಂಡೆ. ಮಾತು ಒಂದೇ ದಿನ ಮುಗಿಯಲಿಲ್ಲ. ಮೂರು ಸಲ ಕುಳಿತೆವು, ಪ್ರತಿ ಸಲ ಅರ್ಧ ತಾಸು.

ಮೊದಲು ಅನುಮತಿ ಕೇಳಿದೆ. "ಚಾಚಾ, ಮುಂದೆ ಮತ್ತೆ ಉಸಿರು ಕಟ್ಟಿದರೆ ಏನು ಮಾಡಬೇಕು ಅಂತ ಈಗಲೇ ನಿಮ್ಮನ್ನು ಕೇಳಿ ಇಟ್ಟುಕೊಳ್ಳೋಣ ಅಂತ ಬಂದೆ. ಮಾತಾಡಬಹುದಾ? ಬೇಡ ಅನಿಸಿದರೆ ಇನ್ನೊಂದು ದಿನ." ಅವರು ನಕ್ಕರು. "ನಾನೇ ಕೇಳಬೇಕು ಅಂತಿದ್ದೆ. ಮಕ್ಕಳ ಮುಂದೆ ಬಾಯಿ ತೆಗೆದರೆ ಅಳುತ್ತಾರೆ." ರೋಗಿಗೆ ಹೇಳಿದರೆ ಎದೆಗುಂದುತ್ತಾರೆ ಎಂದು ಮನೆಯವರು ಮುಚ್ಚಿಡುತ್ತಾರೆ. ಆದರೆ ರೋಗಿಗೆ ತನ್ನ ದೇಹದ ಸ್ಥಿತಿ ಎಲ್ಲರಿಗಿಂತ ಮೊದಲು ಗೊತ್ತಾಗಿರುತ್ತದೆ.

ಎರಡನೆಯ ಪ್ರಶ್ನೆ, ಅವರಿಗೆ ಏನು ಗೊತ್ತಿದೆ, ಎಷ್ಟು ತಿಳಿಯಬೇಕು. "ಈ ರೋಗ ಎಲ್ಲಿಗೆ ಬಂದಿದೆ ಅಂತ ನಿಮಗೆ ಅನಿಸುತ್ತೆ?" ಅಂದೆ. "ಕಡಿಮೆ ಆಗಲ್ಲ ಅಂತ ಗೊತ್ತು. ಎಷ್ಟು ದಿನ ಅಂತ ಹೇಳಬೇಡಿ, ಅದು ಅಲ್ಲಾಹನಿಗೆ ಗೊತ್ತು. ಏನಾಗುತ್ತೆ ಅಂತ ಹೇಳಿ" ಅಂದರು. ಇದು ಬಹಳ ಸ್ಪಷ್ಟವಾದ ಉತ್ತರ. ನಾನು ದಿನಗಳ ಮಾತು ಎತ್ತಲಿಲ್ಲ. "ಹೀಗೇ ಕೆಲವು ಕಾಲ ನಡೆಯಲಿ ಅಂತ ನನ್ನ ದುಆ. ಆದರೆ ಇನ್ನೊಂದು ಸಲ ಕೆರಳಿದರೆ ಮಾಸ್ಕಿನಿಂದ ಸುಧಾರಿಸದೇ ಇರಬಹುದು ಅನ್ನೋ ಚಿಂತೆಯೂ ನನಗಿದೆ" ಎಂದೆ. ಆಸೆ ಮತ್ತು ಚಿಂತೆ ಎರಡನ್ನೂ ಒಟ್ಟಿಗೆ ಹೇಳಿದರೆ ಕೇಳುವವರಿಗೆ ತಡೆದುಕೊಳ್ಳಲು ಆಗುತ್ತದೆ.

ಮೂರನೆಯ ಪ್ರಶ್ನೆ, ಯಾವುದು ಮುಖ್ಯ, ಯಾವುದರ ಭಯ. ಇಲ್ಲಿ ವೈದ್ಯನೂ ಮನೆಯವರೂ ಬಾಯಿ ಮುಚ್ಚಿ ಕೂರಬೇಕು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ಮಾಸ್ಕ್ ಕಟ್ಟಿದ ಮೊದಲ ರಾತ್ರಿ ನೀರಿನಲ್ಲಿ ಮುಳುಗಿದ ಹಾಗಾಗಿ ಕಿತ್ತು ಹಾಕಲು ಹೋದೆ, ಕೈ ಕಟ್ಟಿದರು, ಅದು ಮರೆಯಲು ಆಗುತ್ತಿಲ್ಲ. ಕೂತು ಸನ್ನೆಯಲ್ಲಾದರೂ ನಮಾಝ್ ಮಾಡಬೇಕು. ಕೊನೆಗೆ ಕಲಿಮ ನನ್ನ ಬಾಯಿಂದ ಬರಬೇಕು, ಬಾಯಲ್ಲಿ ಪೈಪ್ ಇರಬಾರದು.

ನಾಲ್ಕನೆಯದು ಎಷ್ಟರವರೆಗೆ ಎಂಬುದು. "ಮಾಸ್ಕಿನಿಂದ ಹೋದ ಸಲ ಎದ್ದು ಬಂದಿರಿ. ಮತ್ತೆ ಬೇಕಾದರೆ?" ಎಂದೆ. "ಹಾಕಲಿ. ಆದರೆ ಕೈ ಕಟ್ಟಬೇಡಿ, ಮಗಳು ಪಕ್ಕದಲ್ಲಿರಲಿ." "ಮಾಸ್ಕಿನಿಂದ ಆಗದಿದ್ದರೆ ಗಂಟಲಿಗೆ ಪೈಪ್?" "ಬೇಡ."

ಇಲ್ಲಿಗೆ ನಿಲ್ಲಿಸಿದ್ದರೆ ತಪ್ಪಾಗುತ್ತಿತ್ತು. "ಬೇಡ" ಎಂಬ ಮಾತಿನ ಹಿಂದೆ ಏನಿದೆ ಎಂದು ನೋಡಬೇಕು. "ದುಡ್ಡಿನ ಚಿಂತೆ ಇಲ್ಲ, ಎಲ್ಲ ಬಿಲ್ಲು ಕಟ್ಟಿಯಾಗಿದೆ ಅಂತಿಟ್ಟುಕೊಳ್ಳಿ. ಆಗಲೂ ಬೇಡವಾ?" ಎಂದು ಕೇಳಿದೆ. ಅವರು ತಡವರಿಸಿದರು. ಹಿರಿಯ ಮಗ ಹೋದ ಸಲದ ಬಿಲ್ಲಿಗೆ ಸಾಲ ಮಾಡಿದ್ದು ಅವರ ಮನಸ್ಸಿನಲ್ಲಿತ್ತು. ಎರಡನೆಯ ಭೇಟಿಯಲ್ಲಿ ಉತ್ತರ ಬದಲಾಗಿತ್ತು: ಸರಿಹೋಗುವ ಕಾರಣ ಇದೆ ಎಂದು ದೊಡ್ಡ ಡಾಕ್ಟರು ಹೇಳಿದರೆ ನಾಲ್ಕೈದು ದಿನ ಪೈಪ್ ಹಾಕಿ ನೋಡಲಿ. ಆಗಲೂ ಸುಧಾರಿಸದಿದ್ದರೆ ಕತ್ತಿಗೆ ರಂಧ್ರ ಮಾಡಬೇಡಿ, ನನ್ನನ್ನು ಮನೆಯವರ ಬಳಿ ಬಿಡಿ. ಇದನ್ನು ವೈದ್ಯರು ಗಡುವಿಟ್ಟ ಪ್ರಯತ್ನ ಎನ್ನುತ್ತಾರೆ. ಈ ರೋಗಕ್ಕೆ ಇದಕ್ಕಿಂತ ಉಪಯುಕ್ತವಾದ ಸಾಲು ಇಲ್ಲ. ಯಾಕೆಂದರೆ ಯಾವ ಮೆಟ್ಟಿಲು ಕೊನೆಯದು ಎಂಬುದು ಪ್ರಯತ್ನಿಸಿದ ಮೇಲೆಯೇ ತಿಳಿಯುವುದು.

ಖರ್ಚಿನ ಹಾಗೆಯೇ ಖಿನ್ನತೆಯೂ "ಬೇಡ" ಅನ್ನಿಸುತ್ತದೆ. ರೋಗಿ ಯಾರೊಡನೆಯೂ ಬೆರೆಯದೆ, ನಿದ್ದೆ ಊಟ ಬಿಟ್ಟು, ಎಲ್ಲಕ್ಕೂ ಬೇಡ ಎನ್ನುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಲಿ, ಕಾಗದ ಆಮೇಲೆ.

ಐದನೆಯದು, ನೀವು ಮಾತಾಡಲಾಗದಾಗ ನಿಮ್ಮ ಪರವಾಗಿ ಯಾರು ಮಾತಾಡಬೇಕು. ಎಲ್ಲರೂ ಹಿರಿಯ ಮಗನ ಹೆಸರು ನಿರೀಕ್ಷಿಸಿದ್ದರು. ಅವರು ಮಗಳ ಹೆಸರು ಹೇಳಿದರು. "ಅವಳು ಅಳುತ್ತಾಳೆ, ಆದರೆ ನಾನು ಹೇಳಿದ್ದನ್ನೇ ಹೇಳುತ್ತಾಳೆ." ಎರಡನೆಯ ಹೆಸರು ಕಿರಿಯ ಮಗನದು. ದೂರದಲ್ಲಿರುವ ಹಿರಿಯ ಮಗನಿಗೆ ಇದು ನೋವಾಯಿತು. ಮೂರನೆಯ ಭೇಟಿಯನ್ನು ಅವನು ವಿಡಿಯೋ ಕರೆಯಲ್ಲಿ ಇರುವಾಗಲೇ ನಡೆಸಿದೆವು. ತಂದೆಯ ಬಾಯಿಂದಲೇ ಎಲ್ಲವನ್ನೂ ಕೇಳಿದ ಮೇಲೆ ಅವನು ಸುಮ್ಮನಾದ. ದೂರದಲ್ಲಿರುವ ಮಕ್ಕಳನ್ನು ಬಿಟ್ಟು ಬರೆದ ಕಾಗದ ಐಸಿಯು ಬಾಗಿಲಲ್ಲಿ ಒಂದು ಫೋನ್ ಕರೆಗೆ ಹರಿದುಹೋಗುತ್ತದೆ.

ದೀನ್ ಏನು ಹೇಳುತ್ತದೆ?

ನಾನು ಆಲಿಮ್ ಅಲ್ಲ, ಫತ್ವಾ ಕೊಡುವ ಹಕ್ಕು ನನಗಿಲ್ಲ. ಪ್ರಾಣ ತೆಗೆಯುವುದು, ಸಾವನ್ನು ತರಿಸುವ ಔಷಧಿ ಕೇಳುವುದು ಹರಾಮ್ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ನಮ್ಮ ದೇಶದ ಕಾನೂನಿನಲ್ಲೂ ಅದು ಅಪರಾಧ. ನಾವು ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ. ಪ್ರಯೋಜನವಿಲ್ಲವೆಂದು ತಜ್ಞರು ಹೇಳುವ ಯಂತ್ರವನ್ನು ಹಾಕಲೇಬೇಕೇ ಎಂಬುದರ ಬಗ್ಗೆ. ಎಲ್ಲ ರೋಗ, ಎಲ್ಲ ಸ್ಥಿತಿಯಲ್ಲೂ ಚಿಕಿತ್ಸೆಯ ಹುಕುಮ್ ಒಂದೇ ಅಲ್ಲ ಎಂಬುದನ್ನು ಫಿಕ್ಹ್‌ನ ಪಂಡಿತರು ವಿವರವಾಗಿ ಚರ್ಚಿಸಿದ್ದಾರೆ.

ಒಂದು ಹದೀಸ್ ನನ್ನ ಮನಸ್ಸಿನಲ್ಲಿ ಸದಾ ಇರುತ್ತದೆ. ಪ್ರವಾದಿ(ಸ)ರವರ ಕೊನೆಯ ಕಾಯಿಲೆಯಲ್ಲಿ ಮನೆಯವರು ಅವರ ಬಾಯಿಯ ಒಂದು ಬದಿಯಿಂದ ಔಷಧಿ ಹಾಕಿದರು. ಬೇಡವೆಂದು ಅವರು ಸನ್ನೆ ಮಾಡಿದರು. ರೋಗಿಗಳಿಗೆ ಔಷಧಿ ಎಂದರೆ ಇರುವ ಸಹಜ ಬೇಸರ ಇದು ಎಂದುಕೊಂಡು ಮನೆಯವರು ಹಾಕಿಯೇ ಬಿಟ್ಟರು. ಎಚ್ಚರವಾದ ಮೇಲೆ, ಬೇಡವೆಂದಿದ್ದೆನಲ್ಲ ಎಂದು ಅವರು ಅಸಮಾಧಾನ ವ್ಯಕ್ತಪಡಿಸಿದರು. ಆಯಿಶಾ(ರ) ವರದಿ ಮಾಡಿರುವ ಈ ಘಟನೆ ಸಹೀಹ್ ಬುಖಾರಿಯಲ್ಲಿದೆ. ಪ್ರೀತಿಯಿಂದಲೇ ರೋಗಿಯ ಮಾತನ್ನು ಮೀರುವವರು ನಾವೆಲ್ಲ.

ನಿಮ್ಮ ಆಲಿಮ್‌ರ ಬಳಿ ಹೋದಾಗ "ವೆಂಟಿಲೇಟರ್ ತೆಗೆಯಬಹುದಾ?" ಎಂದಷ್ಟೇ ಕೇಳಬೇಡಿ. ಅರ್ಧ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಹೀಗೆ ಕೇಳಿ: "ರೋಗ ವಾಸಿಯಾಗದ ಹಂತದಲ್ಲಿದೆ. ಯಂತ್ರದಿಂದ ಚೇತರಿಕೆಯ ನಿರೀಕ್ಷೆ ಇಲ್ಲವೆಂದು ತಜ್ಞ ವೈದ್ಯರು ಹೇಳುತ್ತಾರೆ. ರೋಗಿ ಬುದ್ಧಿ ಸರಿಯಿದ್ದಾಗ ತನ್ನ ಇಚ್ಛೆ ಹೇಳಿದ್ದಾರೆ. ಆಹಾರ, ನೀರು, ಸಂಕಟ ಶಮನ ಮುಂದುವರಿಯುತ್ತದೆ. ಯಂತ್ರವನ್ನು ಹಾಕದೇ ಇರುವುದರ ಹುಕುಮ್ ಏನು? ಹಾಕಿದ್ದನ್ನು ತೆಗೆಯುವುದರ ಹುಕುಮ್ ಏನು?" ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಆ ಕುಟುಂಬ ಕಾಗದ ಬರೆಯುವ ಮೊದಲೇ ತಮ್ಮ ಇಮಾಮ್ ಸಾಹೇಬರನ್ನು ಹೀಗೆ ಕೇಳಿ ಬಂತು.

ಕಾಗದದಲ್ಲಿ ಏನಿರಬೇಕು?

ಈ ಕಾಗದಕ್ಕೆ ಕಾನೂನಿನ ಆಧಾರವಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಒಪ್ಪಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ನಿಯಮವಿತ್ತು. 2023ರ ಜನವರಿಯಲ್ಲಿ ಕೋರ್ಟ್ ಅದನ್ನು ಸರಳ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೊಳಿಸಲು 2025ರ ಜನವರಿ 30ರಂದು ಆದೇಶ ಹೊರಡಿಸಿದೆ. ಇದಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನ ಎಂದು ಹೆಸರು. ಲಿವಿಂಗ್ ವಿಲ್ ಎಂದೂ ಕರೆಯುತ್ತಾರೆ. ಆಸ್ತಿಯ ವಸಿಯ್ಯತ್‌ಗೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಬರೆಯಬೇಡಿ.

ಆ ಹಿರಿಯರ ಕಾಗದ ಹೀಗಿತ್ತು. ನೀವು ನಿಮ್ಮ ಮಾತುಗಳಲ್ಲಿ ತುಂಬಿಕೊಳ್ಳಬಹುದು.

1. ನನ್ನ ಹೆಸರು, ವಯಸ್ಸು, ವಿಳಾಸ. ನಾನು ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಇದನ್ನು ಬರೆಸುತ್ತಿದ್ದೇನೆ.

2. ನನ್ನ ರೋಗ: ಮುಂದುವರಿದ ಸಿಒಪಿಡಿ. ನನ್ನನ್ನು ನೋಡುವ ಎದೆರೋಗ ತಜ್ಞರು ಮತ್ತು ಮನೆಯ ವೈದ್ಯರ ಹೆಸರು, ಫೋನ್.

3. ಆಕ್ಸಿಜನ್: ಬೆರಳಿನ ಮೀಟರಿನಲ್ಲಿ 88ರಿಂದ 92ರ ಒಳಗೆ ಇರಲಿ. ಅದಕ್ಕಿಂತ ಹೆಚ್ಚು ಮಾಡಬೇಡಿ.

4. ಮಾಸ್ಕ್ ಯಂತ್ರ: ಬೇಕಾದರೆ ಹಾಕಿ. ಕೈ ಕಟ್ಟಬೇಡಿ. ಮಗಳು ಜೊತೆಗಿರಲಿ.

5. ಗಂಟಲಿನ ಪೈಪ್ ಮತ್ತು ವೆಂಟಿಲೇಟರ್: ಸರಿಹೋಗಬಲ್ಲ ಕಾರಣವಿದೆ ಎಂದು ತಜ್ಞರು ಹೇಳಿದರೆ ಮಾತ್ರ, ಐದು ದಿನದವರೆಗೆ. ನನ್ನ ಸ್ಥಿತಿ ಮತ್ತೆ ಮೊದಲಿನಂತಾಗದು ಎಂದಾದರೆ ಮುಂದುವರಿಸಬೇಡಿ. ಕತ್ತಿನಲ್ಲಿ ರಂಧ್ರ ಬೇಡ.

6. ಯಾವ ಸ್ಥಿತಿಯಲ್ಲೂ ನಿಲ್ಲಿಸಬಾರದ್ದು: ಉಸಿರಿನ ಸಂಕಟಕ್ಕೆ, ನೋವಿಗೆ ಔಷಧಿ, ಬಾಯಿ ಒಣಗದಂತೆ ನೀರು, ಶುಚಿತ್ವ. ನಮಾಝಿಗೆ ದಿಕ್ಕು ಮತ್ತು ಸಹಾಯ.

7. ಕೊನೆಯ ಹೊತ್ತಿನಲ್ಲಿ ಮನೆಯವರು ಹತ್ತಿರವಿರಲಿ. ಸಾಧ್ಯವಾದರೆ ಮನೆಯಲ್ಲಿ. ಆಗದಿದ್ದರೆ ಆಸ್ಪತ್ರೆಯಲ್ಲೇ ಸರಿ.

8. ನಾನು ಮಾತಾಡಲಾಗದಾಗ ನನ್ನ ಪರವಾಗಿ ನಿರ್ಧರಿಸುವವರು: ಮಗಳು. ಅವಳು ಸಿಗದಿದ್ದರೆ ಕಿರಿಯ ಮಗ.

9. ಇದನ್ನು ನಾನು ಯಾವಾಗ ಬೇಕಾದರೂ ಬದಲಿಸಬಹುದು, ರದ್ದು ಮಾಡಬಹುದು.

ಕೆಳಗೆ ಸಹಿ, ದಿನಾಂಕ, ಇಬ್ಬರು ಸಾಕ್ಷಿಗಳು, ನೋಟರಿಯ ಮುದ್ರೆ. ಸಾಕ್ಷಿಗಳು ಮನೆಯವರಲ್ಲದವರಾಗಿದ್ದರೆ ಒಳ್ಳೆಯದು. ಓದಲು ಬಾರದವರಿಗೆ ಪ್ರತಿ ಸಾಲನ್ನೂ ಅವರ ಮನೆಮಾತಿನಲ್ಲಿ ಓದಿ ಹೇಳಿ, ಒಪ್ಪಿದ ಮೇಲೆಯೇ ಹೆಬ್ಬೆಟ್ಟು ಹಾಕಿಸಬೇಕು.

ಮೂರನೆಯ ಸಾಲು ಯಾಕೆ ಎಂದು ಕೇಳಬಹುದು. ಇಂಥ ಹಲವು ರೋಗಿಗಳಿಗೆ ಆಕ್ಸಿಜನ್ ಹೆಚ್ಚಾದರೆ ರಕ್ತದಲ್ಲಿ ಇಂಗಾಲದ ಗಾಳಿ ಏರಿ ಮಂಪರು ಬರುತ್ತದೆ, ಕೊನೆಗೆ ಎಚ್ಚರ ತಪ್ಪುತ್ತದೆ. ಉಸಿರು ಕಟ್ಟಿದಾಗ ಗಾಬರಿಯಲ್ಲಿ ಎಲ್ಲರೂ ಮಾಡುವುದು ಮೆಷಿನ್ನಿನ ಗುಂಡಿಯನ್ನು ಪೂರ್ತಿ ತಿರುಗಿಸುವುದನ್ನೇ. ಮೀಟರಿನಲ್ಲಿ 98 ಕಂಡರೆ ಖುಷಿಪಡಬೇಡಿ. ರೋಗಿ ತೂಕಡಿಸುತ್ತಿದ್ದರೆ, ಗೊಂದಲದ ಮಾತಾಡುತ್ತಿದ್ದರೆ ಅದು ನಿದ್ದೆಯಲ್ಲ, ಅಪಾಯದ ಗುರುತು. ಆಕ್ಸಿಜನ್ನನ್ನು ಪೂರ್ತಿ ಆರಿಸಲೂ ಹೋಗಬೇಡಿ. ತಜ್ಞರು ಹೇಳಿದ ಮಟ್ಟಕ್ಕೆ ತಂದು ತಕ್ಷಣ ಆಸ್ಪತ್ರೆಗೆ ಹೊರಡಿ.

ಕಾಗದದ ಮಿತಿ

ರೋಗಿ ಮಾತಾಡುವ ಸ್ಥಿತಿಯಲ್ಲಿ ಇರುವವರೆಗೂ ಅವರ ಮಾತೇ ನಡೆಯುತ್ತದೆ, ಕಾಗದವಲ್ಲ. ಅವರಿಗೆ ನಿರ್ಧರಿಸಲಾಗದಾಗ, ಚೇತರಿಕೆಯ ನಿರೀಕ್ಷೆ ಇಲ್ಲದಾಗ ಮಾತ್ರ ಕಾಗದ ಕೆಲಸಕ್ಕೆ ಬರುತ್ತದೆ. ಆಗಲೂ ಒಬ್ಬ ವೈದ್ಯರು ನೋಡಿ ತೀರ್ಮಾನಿಸುವಂತಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರ ಮಂಡಳಿ ಮೊದಲು ನೋಡಬೇಕು, ನಂತರ ಎರಡನೆಯ ಮಂಡಳಿ ಒಪ್ಪಬೇಕು. ಸಾಧ್ಯವಾದಷ್ಟು ಮಟ್ಟಿಗೆ 48 ತಾಸಿನೊಳಗೆ ಅವರು ಅಭಿಪ್ರಾಯ ಕೊಡಬೇಕು. ಯಂತ್ರ ನಿಲ್ಲಿಸುವ ಮೊದಲು ಮ್ಯಾಜಿಸ್ಟ್ರೇಟರಿಗೆ ಆಸ್ಪತ್ರೆ ತಿಳಿಸುತ್ತದೆ. ದುರುದ್ದೇಶದಿಂದ ಯಾರೂ ಹಿರಿಯರ ಚಿಕಿತ್ಸೆ ನಿಲ್ಲಿಸದಿರಲಿ ಎಂದೇ ಇಷ್ಟು ಬಿಗಿ ಮಾಡಿದ್ದಾರೆ.

ಆದ್ದರಿಂದ ನಡುರಾತ್ರಿಯ ತುರ್ತಿನಲ್ಲಿ ಕಾಗದಕ್ಕಿಂತ ಮುಂದೆ ನಿಲ್ಲುವುದು, ರೋಗಿಯ ಮನಸ್ಸು ತಿಳಿದ ಒಬ್ಬ ವ್ಯಕ್ತಿ ಮತ್ತು ಮೊದಲೇ ಅದನ್ನು ಕೇಳಿಸಿಕೊಂಡ ತಜ್ಞ ವೈದ್ಯರು. ಕಾಗದ ಮುಗಿದ ವಾರವೇ ಅದರ ಪ್ರತಿಯನ್ನು ಎದೆರೋಗ ತಜ್ಞರ ಬಳಿ ಒಯ್ದು, ಅವರ ಫೈಲಿನಲ್ಲಿ ಹಾಕಿಸಿ. ಪೈಪಿನ ವಿಷಯದಲ್ಲಿ ನಿಮ್ಮ ಸ್ಥಿತಿಗೆ ಏನು ಸೂಕ್ತ ಎಂದು ಹೇಳಬೇಕಾದವರು ಅವರೇ, ನನ್ನಂಥ ಹಕೀಮನಲ್ಲ. ಪ್ರತಿ ಸಲ ಆಸ್ಪತ್ರೆಯಿಂದ ಬಂದ ಮೇಲೆ ಕಾಗದವನ್ನು ಮತ್ತೊಮ್ಮೆ ಓದಿ ಕೇಳಿ. ಮನಸ್ಸು ಬದಲಾಗುತ್ತದೆ, ಬದಲಾಗಬಹುದು.

ಆ ಹಿರಿಯರಿಗೆ ಎರಡು ತಿಂಗಳ ನಂತರ ಚಳಿಯಲ್ಲಿ ಮತ್ತೆ ಕೆರಳಿತು. ಮಗಳು ಬರುವಷ್ಟರಲ್ಲಿ ಪಕ್ಕದ ಮನೆಯವರು ಆಕ್ಸಿಜನ್ ಪೂರ್ತಿ ಏರಿಸಿದ್ದರು. ಅವರಿಗೆ ಮಂಪರು ಹತ್ತಿತ್ತು. ಕಾಗದ ಬೀರುವಿನಲ್ಲಿತ್ತು, ಬೀಗದ ಕೈ ಕಿರಿಯ ಮಗನ ಜೇಬಿನಲ್ಲಿತ್ತು. ಹೇಗೋ ಆಸ್ಪತ್ರೆ ಮುಟ್ಟಿದರು. ಮಾಸ್ಕ್ ಹಾಕಿ, ಮಗಳು ಕೈ ಹಿಡಿದು ಕುಳಿತಳು. ಎರಡೇ ದಿನದಲ್ಲಿ ಎದ್ದರು. ಮನೆಗೆ ಬಂದ ಮೇಲೆ ಕಾಗದದ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಆಕ್ಸಿಜನ್ ಮೆಷಿನ್ನಿಗೇ ಅಂಟಿಸಿದರು. ಫೋಟೋ ನಾಲ್ವರ ಮೊಬೈಲಿನಲ್ಲಿ ಸೇರಿತು.

ಮಾರ್ಚಿನಲ್ಲಿ ಇನ್ನೊಂದು ಸಲ ಬಂದಾಗ ಮಾಸ್ಕಿನಿಂದ ಆಗಲಿಲ್ಲ. ಸೋಂಕಿನಂಥ ಸರಿಹೋಗುವ ಕಾರಣ ಕಾಣುತ್ತಿಲ್ಲ, ಶ್ವಾಸಕೋಶವೇ ಸೋತಿದೆ ಎಂದು ತಜ್ಞರು ಹೇಳಿದರು. ಹಿರಿಯರಿಗೆ ಇನ್ನೂ ಎಚ್ಚರವಿತ್ತು. ಪೈಪಿನ ಬಗ್ಗೆ ಕೇಳಿದಾಗ ಅವರು ಮಗಳ ಕಡೆ ನೋಡಿ ತಲೆ ಅಲ್ಲಾಡಿಸಿದರು. ತಜ್ಞರು ಫೈಲ್ ತೆಗೆದು ನೋಡಿದರು. ಹಿರಿಯ ಮಗ ಫೋನಿನಲ್ಲಿದ್ದ. "ಅಬ್ಬಾ ಹೇಳಿದ ಹಾಗೇ ಮಾಡಿ" ಎಂದ. ಸಣ್ಣ ಪ್ರಮಾಣದ ಮಾರ್ಫಿನ್ ಕೊಟ್ಟರು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಏದುಸಿರು ಇಳಿಯಿತು. ಮರುದಿನ ಫಜ್ರ್‌ನ ಹೊತ್ತಿಗೆ ಅವರು ಕಲಿಮ ಹೇಳುವುದನ್ನು ಮಗಳು ಕೇಳಿದಳು. ಅದಾಗಿ ಸ್ವಲ್ಪ ಹೊತ್ತಿಗೆ ಅವರು ತೀರಿಕೊಂಡರು.

ಹಿರಿಯ ಮಗ ಮೂರನೆಯ ದಿನ ಊರಿಗೆ ಬಂದ. ನನ್ನ ದವಾಖಾನೆಗೆ ಬಂದು ಬಹಳ ಹೊತ್ತು ಕುಳಿತ. ಆ ಕಾಗದದ ಪ್ರತಿ ಅವನ ಕೈಯಲ್ಲಿತ್ತು. ಹೆಬ್ಬೆಟ್ಟಿನ ಗುರುತನ್ನು ತೋರಿಸಿ, "ನಾನು ಇಲ್ಲದಿದ್ದರೂ ಅಬ್ಬಾ ಕೇಳಿದ್ದೇ ಆಯಿತಲ್ಲ, ಹಕೀಮ್ ಸಾಬ್" ಎಂದ.